ಪರೀಕ್ಷೆಯ ಬೆಳಗ್ಗೆ ಹೊಟ್ಟೆ ಹಿಂಡುವವರಿಗೆ: ಊಟದ ವೇಳೆ ಮತ್ತು ಉಸಿರಾಟ ಹೊಂದಿಸಿಕೊಳ್ಳುವ ಬಗೆ

ಪರೀಕ್ಷೆ 10 ಗಂಟೆಗೆ. 9 ಗಂಟೆಗೆ ಬ್ಯಾಗು ಹೆಗಲಿಗೇರಿಸಿ ಹೊರಟ ಹುಡುಗಿ ಬಾಗಿಲಿಂದಲೇ ವಾಪಸ್ಸು ಬಂದು ಮೂರನೇ ಸಲ ಶೌಚಾಲಯಕ್ಕೆ ಹೋಗುತ್ತಾಳೆ. ಹೊಕ್ಕುಳ ಸುತ್ತ ಯಾರೋ ಬಟ್ಟೆ ಹಿಂಡಿದ ಹಾಗೆ ನೋವು. ಸ್ವಲ್ಪ ಹೊತ್ತು ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಹಾಲ್‌ನಲ್ಲಿ ಕೂತು ಪ್ರಶ್ನೆಪತ್ರಿಕೆ ಕೈಗೆ ಬರುವ ಹೊತ್ತಿಗೆ ನೋವು ಇನ್ನೂ ಬಿಗಿಯಾಗಿ, ಮೊದಲ ಇಪ್ಪತ್ತು ನಿಮಿಷ ಓದಿದ್ದೊಂದೂ ತಲೆಗೆ ಹೋಗುವುದಿಲ್ಲ. ಮಧ್ಯಾಹ್ನ ಮನೆಗೆ ಬಂದ ಮೇಲೆ ಹೊಟ್ಟೆ ಏನೂ ಆಗಿಲ್ಲವೆಂಬಂತೆ ತಣ್ಣಗಿರುತ್ತದೆ. ಮನೆಯವರು ಅದನ್ನೇ ನೋಡಿ, "ಪರೀಕ್ಷೆ ಮುಗಿದ ತಕ್ಷಣ ಹೋಯ್ತಲ್ಲ, ಎಲ್ಲ ಮನಸ್ಸಿನದ್ದು" ಅಂದುಬಿಡುತ್ತಾರೆ.

ನಾನು ಆಪ್ತಸಮಾಲೋಚಕಿ. ಇಂಥ ಮಕ್ಕಳ ಜೊತೆ ವರ್ಷಗಳಿಂದ ಕೂತು ಮಾತಾಡಿದ್ದೇನೆ. ಅವರಿಗೆ ಎಲ್ಲಕ್ಕಿಂತ ಹೆಚ್ಚು ನೋವಾಗುವುದು "ಮನಸ್ಸಿನದ್ದು" ಎಂಬ ಆ ಮಾತಿನಿಂದ. ಕಾರಣ ಒತ್ತಡವೇ ಇರಬಹುದು, ನೋವಂತೂ ಕರುಳಿನದ್ದೇ. ಕರುಳಿಗೂ ಅದರದ್ದೇ ಒಂದು ದಿನಚರಿ ಇದೆ, ಪರೀಕ್ಷೆಗೆ ಎರಡು ಮೂರು ವಾರ ಮುಂಚೆ ಶುರು ಮಾಡಿದರೆ ಅದನ್ನು ತಿದ್ದಬಹುದು. ಹೇಗೆಂದು ಮೇಲೆ ಹೇಳಿದ ಹುಡುಗಿಯ ಉದಾಹರಣೆ ಇಟ್ಟುಕೊಂಡೇ ಹೇಳುತ್ತೇನೆ. ಅವಳಿಗೆ 17 ವರ್ಷ. ಎರಡು ಪರೀಕ್ಷೆಗಳನ್ನು ಹೀಗೆ ಕಳೆದುಕೊಂಡ ಮೇಲೆ ನನ್ನ ಬಳಿ ಬಂದಳು. ಮುಂದಿನ ಪರೀಕ್ಷೆಗೆ 24 ದಿನ ಉಳಿದಿತ್ತು.

ಹೊಟ್ಟೆಯೊಳಗೆ ಆಗುವುದೇನು

ಕರುಳಿನ ಗೋಡೆಯಲ್ಲಿ ನರಕೋಶಗಳದ್ದೇ ಒಂದು ಜಾಲವಿದೆ. ಕೋಟಿಗಟ್ಟಲೆ ನರಕೋಶಗಳಿರುವ ಈ ಜಾಲವೇ ಆಹಾರವನ್ನು ಮುಂದೆ ತಳ್ಳುವ ಲಯವನ್ನು ನೋಡಿಕೊಳ್ಳುತ್ತದೆ. ಮೆದುಳಿಗೂ ಈ ಜಾಲಕ್ಕೂ ನಡುವೆ ವಾಗಸ್ ಎಂಬ ಉದ್ದನೆಯ ನರ ಓಡುತ್ತದೆ, ಸುದ್ದಿ ಎರಡೂ ಕಡೆಗೆ ಹೋಗುತ್ತದೆ. ಮೆದುಳು "ಅಪಾಯ" ಎಂದು ಗ್ರಹಿಸಿದಾಗ ಹೊರಡುವ ರಾಸಾಯನಿಕಗಳು ಜಠರವನ್ನು ನಿಧಾನ ಮಾಡುತ್ತವೆ, ದೊಡ್ಡ ಕರುಳನ್ನು ಚುರುಕು ಮಾಡುತ್ತವೆ. ಮೇಲೆ ಹೊಟ್ಟೆ ತೊಳಸುವುದು, ಊಟ ಸೇರದಿರುವುದು, ಕೆಳಗೆ ನುಲಿತ ಮತ್ತು ತೆಳುವಾದ ಭೇದಿ, ಇವೆಲ್ಲ ಒಂದೇ ಹೊತ್ತಿನಲ್ಲಿ ಬರುವುದು ಇದರಿಂದಲೇ. ಜೊತೆಗೆ ಕರುಳಿನ ಸಂವೇದನೆ ಹರಿತವಾಗುತ್ತದೆ. ಬೇರೆ ದಿನ ಗಮನಕ್ಕೂ ಬಾರದ ಸಣ್ಣ ಗಾಳಿ, ಸಣ್ಣ ಸಂಕೋಚನ ಆ ದಿನ ನೋವಾಗಿ ತಿಳಿಯುತ್ತದೆ. ನೋವು ಬಂತೆಂಬ ಹೆದರಿಕೆ ಇನ್ನಷ್ಟು ಒತ್ತಡ ತರುತ್ತದೆ, ಅದು ಮತ್ತೆ ಕರುಳಿಗೆ ಹೋಗುತ್ತದೆ. ಮಕ್ಕಳು ಸಿಕ್ಕಿಬೀಳುವುದು ಈ ಸುತ್ತಿನಲ್ಲಿ.

ಇನ್ನೊಂದು ವಿಷಯ ತಿಳಿದರೆ ಮುಂದಿನ ಎಲ್ಲ ಹೆಜ್ಜೆಗಳೂ ಸುಲಭವಾಗಿ ಅರ್ಥವಾಗುತ್ತವೆ. ಹೊಟ್ಟೆಗೆ ಆಹಾರ ಬಿದ್ದ ಕೂಡಲೇ ದೊಡ್ಡ ಕರುಳು ತಾನಾಗಿ ಅಲುಗಾಡಲು ಶುರು ಮಾಡುತ್ತದೆ, ಹಿಂದಿನ ಸರಕನ್ನು ಕಳಿಸಿ ಹೊಸದಕ್ಕೆ ಜಾಗ ಮಾಡಲು. ಎಲ್ಲರಿಗೂ ಹೀಗೆಯೇ ಆಗುತ್ತದೆ. ತಿಂದ ಕೆಲವು ನಿಮಿಷಗಳಲ್ಲೇ ಶುರುವಾಗಿ ಸುಮಾರು ಒಂದು ಗಂಟೆಯೊಳಗೆ ಅದರ ಜೋರು ಇಳಿಯುತ್ತದೆ. ಬೆಳಗ್ಗೆ ಎದ್ದ ಮೇಲೆ ಇದು ದಿನದ ಬೇರೆ ಹೊತ್ತಿಗಿಂತ ಪ್ರಬಲ. ಒತ್ತಡದಲ್ಲಿರುವ ಕರುಳಿನಲ್ಲಿ ಇದೇ ಚಲನೆ ಹಿಂಡುವ ನೋವಾಗುತ್ತದೆ. ಅದಕ್ಕೇ ಮಕ್ಕಳು "ತಿಂದ್ರೆ ಹೊಟ್ಟೆ ನೋಯತ್ತೆ, ಅದಕ್ಕೆ ತಿಂದಿಲ್ಲ" ಅನ್ನುವುದು. ಅವರ ಅನುಭವ ಸರಿ, ಅದರಿಂದ ತೆಗೆದುಕೊಂಡ ತೀರ್ಮಾನ ತಪ್ಪು. ತಿಂದಾಗ ಬರುವ ಆ ಚಲನೆ ಮನೆಯಲ್ಲೇ, ಪರೀಕ್ಷೆಗೆ ಬಹಳ ಮುಂಚೆಯೇ ಬಂದು ಹೋಗುವಂತೆ ವೇಳೆ ಹೊಂದಿಸಬೇಕು. ಉಪವಾಸ ಕೂತರೆ ಅದು ಮುಂದಕ್ಕೆ ಹೋಗುತ್ತದೆ ಅಷ್ಟೇ.

ಮೊದಲು, ಇದು ಒತ್ತಡದ ನೋವೇ ಎಂದು ಖಾತ್ರಿ ಮಾಡಿಕೊಳ್ಳಿ

ಪರೀಕ್ಷೆಯ ಕಾಲದಲ್ಲೇ ಅಪೆಂಡಿಸೈಟಿಸ್ ಕೂಡ ಬರಬಹುದು. ಆದ್ದರಿಂದ ಹೊಟ್ಟೆನೋವೆಲ್ಲ ಒತ್ತಡದ್ದು ಎಂದು ಶುರು ಮಾಡಬೇಡಿ.

ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿ ಜಾನ್ ಆಪ್ಲಿ ಎಂಬ ಮಕ್ಕಳ ವೈದ್ಯರು 1958ರಲ್ಲಿ ಸಾವಿರ ಶಾಲಾ ಮಕ್ಕಳನ್ನು ನೋಡಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಹತ್ತರಲ್ಲಿ ಒಬ್ಬರಿಗೆ ಮತ್ತೆ ಮತ್ತೆ ಬರುವ ಹೊಟ್ಟೆನೋವಿತ್ತು. ಅವರ ಹೆಸರಿನಲ್ಲಿ ವೈದ್ಯರ ನಡುವೆ ಒಂದು ಮಾತು ಉಳಿದಿದೆ: ನೋವು ಹೊಕ್ಕುಳಿಂದ ಎಷ್ಟು ದೂರವೋ, ಅದಕ್ಕೆ ಬೇರೆ ದೈಹಿಕ ಕಾರಣವಿರುವ ಸಾಧ್ಯತೆ ಅಷ್ಟು ಹೆಚ್ಚು. ಇದು ನೂರಕ್ಕೆ ನೂರು ನಿಯಮವಲ್ಲ, ಆದರೆ ಮನೆಯಲ್ಲಿ ಮೊದಲು ಕೇಳಲು ಒಳ್ಳೆಯ ಪ್ರಶ್ನೆ. "ಎಲ್ಲಿ ನೋವು, ಒಂದು ಬೆರಳಿಟ್ಟು ತೋರಿಸು" ಅನ್ನಿ. ಒತ್ತಡದ ನೋವಿರುವ ಮಗು ಸಾಮಾನ್ಯವಾಗಿ ಒಂದು ಬೆರಳು ಇಡಲಾಗದೆ ಇಡೀ ಅಂಗೈಯನ್ನು ಹೊಕ್ಕುಳ ಸುತ್ತ ಸವರುತ್ತದೆ.

ತಡಮಾಡದೆ ವೈದ್ಯರ ಬಳಿ ಹೋಗಬೇಕಾದ ಗುರುತುಗಳು ಇವು. ನೋವು ಹೊಕ್ಕುಳ ಬಳಿ ಶುರುವಾಗಿ ಬಲಗಡೆ ಕೆಳಹೊಟ್ಟೆಗೆ ಇಳಿದು ಅಲ್ಲೇ ನಿಂತಿದ್ದರೆ, ನಡೆದಾಗ ಕುಣಿದಾಗ ಹೆಚ್ಚಾದರೆ. ಜ್ವರವಿದ್ದರೆ. ಹಸಿರು ಬಣ್ಣದ ವಾಂತಿ, ಮಲದಲ್ಲಿ ರಕ್ತ, ಅಥವಾ ಟಾರಿನಂತೆ ಕಪ್ಪು ಮಲ ಕಂಡರೆ. ನೋವು ಬಿಟ್ಟುಬಿಟ್ಟು ಬಾರದೆ ಗಂಟೆಗಟ್ಟಲೆ ಒಂದೇ ಸಮ ಇದ್ದರೆ. ಗಂಡುಮಕ್ಕಳಲ್ಲಿ ಕೆಳಹೊಟ್ಟೆಯ ನೋವಿನ ಜೊತೆ ವೃಷಣದಲ್ಲಿ ಹಠಾತ್ ನೋವು ಬಂದರೆ ಆಸ್ಪತ್ರೆಗೆ ಹೋಗಲು ಗಂಟೆಗಳ ಲೆಕ್ಕ ಮಾತ್ರ ಇರುತ್ತದೆ. ಹುಡುಗರು ಅದನ್ನು ನಾಚಿಕೆಯಿಂದ "ಹೊಟ್ಟೆನೋವು" ಎಂದಷ್ಟೇ ಹೇಳುತ್ತಾರೆ, ಹಾಗಾಗಿ ಬಿಡಿಸಿ ಕೇಳಿ. ಹೆಣ್ಣುಮಕ್ಕಳಲ್ಲಿ ಮುಟ್ಟು ತಪ್ಪಿ ನೋವು ಬಂದಿದ್ದರೂ ಕಾಯಬೇಡಿ.

ತುರ್ತಲ್ಲದಿದ್ದರೂ ತೋರಿಸಲೇಬೇಕಾದವು ಕೆಲವಿವೆ: ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಮೂತ್ರ ಮಾಡುವಾಗ ಉರಿ, ವಾರಗಟ್ಟಲೆ ಭೇದಿ. ಒತ್ತಡದ ನೋವು ಬಹುಮಟ್ಟಿಗೆ ನಿದ್ದೆಗೆ ಬಿಡುವು ಕೊಡುತ್ತದೆ. ನಡುರಾತ್ರಿ 2 ಗಂಟೆಗೆ ಎಬ್ಬಿಸುವ ನೋವನ್ನು ನಾನು ಎಂದೂ ಪರೀಕ್ಷೆಯ ಲೆಕ್ಕಕ್ಕೆ ಬರೆಯುವುದಿಲ್ಲ.

ನಮ್ಮ ಹುಡುಗಿಯನ್ನು ವೈದ್ಯರು ನೋಡಿದ್ದರು. ಹೊಟ್ಟೆ ಮೆತ್ತಗಿತ್ತು, ತೂಕ ಸರಿಯಿತ್ತು, ಮೇಲಿನ ಗುರುತು ಯಾವುದೂ ಇರಲಿಲ್ಲ. ಅಲ್ಲಿಂದ ಮುಂದೆ ನಮ್ಮ ಕೆಲಸ.

ಮೊದಲ ವಾರ: ಏನೂ ಬದಲಿಸದೆ ಬರೆದಿಡಿ

ಒಂದು ಹಾಳೆ ಸಾಕು. ದಿನಕ್ಕೊಂದು ಸಾಲು. ಎದ್ದ ಹೊತ್ತು, ಏನು ತಿಂದೆ ಎಷ್ಟು ಗಂಟೆಗೆ, ಕಾಫಿ ಟೀ ಎಷ್ಟು ಸಲ, ಶೌಚಕ್ಕೆ ಹೋದ ಹೊತ್ತು, ನೋವು ಯಾವಾಗ ಬಂತು, 10ರಲ್ಲಿ ಎಷ್ಟು, ಮಲಗಿದ ಹೊತ್ತು. ನೋವಿನ ಪಕ್ಕದಲ್ಲಿ "ಆಗ ಏನು ಮಾಡ್ತಿದ್ದೆ" ಎಂದು ಎರಡು ಪದ. ಮನೆಯವರು ಗಂಟೆಗೊಮ್ಮೆ "ಈಗ ನೋವಿದೆಯಾ?" ಎಂದು ಕೇಳಬಾರದು. ಕೇಳಿದಷ್ಟೂ ಮಗುವಿನ ಗಮನ ಹೊಟ್ಟೆಯ ಕಡೆಗೇ ಹೋಗಿ ನೋವು ಹೆಚ್ಚು ತಿಳಿಯುತ್ತದೆ. ಹಾಳೆ ಮಗುವಿನದ್ದು, ರಾತ್ರಿ ಒಮ್ಮೆ ಬರೆದರೆ ಆಯಿತು.

ಹುಡುಗಿಯ ಹಾಳೆ ತಂದಾಗ ಏಳು ಸಾಲುಗಳಲ್ಲೇ ಕಥೆ ಇತ್ತು. ಓದುವ ದಿನಗಳಲ್ಲಿ ರಾತ್ರಿ ಊಟ 10.30ಕ್ಕೆ, ಪುಸ್ತಕ ಮುಂದಿಟ್ಟುಕೊಂಡೇ. ಮಲಗುವುದು 12.30. ಬೆಳಗ್ಗೆ 5.30ಕ್ಕೆ ಎದ್ದು ಖಾಲಿ ಹೊಟ್ಟೆಗೆ ಒಂದು ದೊಡ್ಡ ಲೋಟ ಕಾಫಿ. ತಿಂಡಿ ಇಲ್ಲ. 8.45ಕ್ಕೆ ಹೊರಡುವ ಮೊದಲು ಅಮ್ಮನ ಒತ್ತಾಯಕ್ಕೆ ನಾಲ್ಕು ತುತ್ತು, ನಿಂತುಕೊಂಡೇ. 9.05ಕ್ಕೆ ನೋವು, 10ರಲ್ಲಿ 6 ಅಥವಾ 7. ರಜೆಯ ದಿನ ಮಾತ್ರ 7.30ಕ್ಕೆ ಎದ್ದು, 8ಕ್ಕೆ ಮನೆಯವರ ಜೊತೆ ಕೂತು ತಿಂದಿದ್ದಳು. ಆ ದಿನ ನೋವಿನ ಜಾಗದಲ್ಲಿ ಒಂದು ಅಡ್ಡಗೆರೆ.

"ರಜೆ ದಿನ ಟೆನ್ಶನ್ ಇರಲ್ಲ ಮೇಡಂ, ಅದಕ್ಕೆ" ಅಂದಳು. ಅದೂ ಒಂದು ಕಾರಣವೇ. ಆದರೆ ಗಡಿಯಾರ ನೋಡಿ: 8.45ಕ್ಕೆ ನಾಲ್ಕು ತುತ್ತು, 9.05ಕ್ಕೆ ನೋವು. ತಿಂದ ಇಪ್ಪತ್ತು ನಿಮಿಷಕ್ಕೆ ದೊಡ್ಡ ಕರುಳು ತನ್ನ ಕೆಲಸ ಶುರು ಮಾಡುತ್ತಿತ್ತು, ಸರಿಯಾಗಿ ಅವಳು ದಾರಿಯಲ್ಲಿ ಇರುವಾಗ. ಹಿಂದಿನ ರಾತ್ರಿಯ ತಡವಾದ ಊಟ ಇನ್ನೂ ಕರುಳಲ್ಲಿ, ಮೇಲಿಂದ ಖಾಲಿ ಹೊಟ್ಟೆಯ ಕಾಫಿ. ಕಾಫಿಗೆ ತಾನಾಗಿಯೇ ದೊಡ್ಡ ಕರುಳನ್ನು ಕೆರಳಿಸುವ ಗುಣವಿದೆ. ಟೆನ್ಶನ್ ತೆಗೆಯುವುದು ನನ್ನಿಂದಲೂ ಆಗದು, ಅವಳಿಂದಲೂ ಆಗದು. ಊಟದ ಹೊತ್ತು ಬದಲಿಸುವುದು ಆಗುತ್ತದೆ.

ಎರಡನೇ ವಾರದಿಂದ: ಪರೀಕ್ಷೆಯ ಹೊತ್ತಿಗೆ ತಕ್ಕ ಊಟ

ಲೆಕ್ಕ ಪರೀಕ್ಷೆಯ ಹೊತ್ತಿನಿಂದ ಹಿಂದಕ್ಕೆ ಹಾಕಬೇಕು. ತಿಂಡಿ ಪರೀಕ್ಷೆಗೆ ಎರಡೂವರೆಯಿಂದ ಮೂರು ಗಂಟೆ ಮುಂಚೆ ಮುಗಿದಿರಬೇಕು. 10ಕ್ಕೆ ಪರೀಕ್ಷೆಯಾದರೆ 7ರಿಂದ 7.30. ಪರೀಕ್ಷೆ ಮಧ್ಯಾಹ್ನ 2ಕ್ಕೆ ಇದ್ದರೆ ಅದೇ ಲೆಕ್ಕದಲ್ಲಿ ಊಟವನ್ನು 11.30ರ ಹೊತ್ತಿಗೆ ತರಬೇಕಾಗುತ್ತದೆ. ಪರೀಕ್ಷೆಯ ದಿನ ಹಠಾತ್ತನೆ ಇದನ್ನು ಮಾಡಿದರೆ ಹೊಟ್ಟೆ ಒಪ್ಪುವುದಿಲ್ಲ. ರಜೆ, ಓದುವ ದಿನ, ಪರೀಕ್ಷೆ ದಿನ ಎಂಬ ಭೇದವಿಲ್ಲದೆ ಎರಡು ವಾರವಾದರೂ ಅದೇ ಹೊತ್ತಿಗೆ ತಿಂದರೆ ಕರುಳು ಆ ವೇಳೆಗೆ ಹೊಂದಿಕೊಳ್ಳುತ್ತದೆ.

ತಿಂದ ಮೇಲೆ ಹದಿನೈದರಿಂದ ಮೂವತ್ತು ನಿಮಿಷದೊಳಗೆ ಶೌಚಕ್ಕೆ ಹೋಗಿ ಕೂರುವುದನ್ನು ರೂಢಿ ಮಾಡಿ, ಶೌಚದ ಅವಸರ ಬಂದಿರಲಿ ಬಿಡಲಿ. ಐದರಿಂದ ಹತ್ತು ನಿಮಿಷ, ಮೊಬೈಲ್ ಇಲ್ಲದೆ, ತಿಣುಕದೆ. ಕುರ್ಚಿಯಂಥ ಕಮೋಡ್ ಆದರೆ ಪಾದದ ಕೆಳಗೆ ಒಂದು ಚಿಕ್ಕ ಸ್ಟೂಲ್ ಇಡಿ, ಮೊಣಕಾಲು ಸೊಂಟಕ್ಕಿಂತ ಸ್ವಲ್ಪ ಮೇಲೆ ಬರಲಿ. ಇಡೀ ಮಾರ್ಗದರ್ಶಿಯಲ್ಲಿ ಮಕ್ಕಳು ಹೇಳಿಕೊಳ್ಳಲು ನಾಚುವ ಭಾಗ ಇದು, ಕೆಲಸ ಮಾಡುವುದರಲ್ಲಿ ಮಾತ್ರ ಇದೇ ಮುಂದು. ಮನೆಯಲ್ಲೇ ಹೊಟ್ಟೆ ಖಾಲಿಯಾಗಿದೆ ಎಂಬುದು ಗೊತ್ತಿದ್ದರೆ ಹಾಲ್‌ನಲ್ಲಿ "ಈಗ ಹೋಗಬೇಕಾಗಿ ಬಂದರೆ?" ಎಂಬ ಭಯದ ಅರ್ಧ ಅಲ್ಲೇ ಕಡಿಮೆಯಾಗುತ್ತದೆ. ದಿನಗಟ್ಟಲೆ ಕೂತು ಓದುವ, ನೀರು ಕಡಿಮೆ ಕುಡಿಯುವ ಮಕ್ಕಳಲ್ಲಿ ಮಲಬದ್ಧತೆಯೇ ನೋವಿನ ಮೂಲವಾಗಿರುವುದೂ ಇದೆ. ಗಟ್ಟಿ ಉಂಡೆಗಳಾಗಿ ಹೋಗುತ್ತಿದ್ದರೆ, ಎರಡು ಮೂರು ದಿನಕ್ಕೊಮ್ಮೆ ಹೋಗುತ್ತಿದ್ದರೆ ಮೊದಲು ಅದನ್ನು ಸರಿಮಾಡಬೇಕು.

ಹುಡುಗಿಗೆ 7 ಗಂಟೆಗೆ ತಿನ್ನು ಎಂದರೆ ಮೊದಲ ದಿನ ಗಂಟಲಲ್ಲಿ ಇಳಿಯಲಿಲ್ಲ. ಇದು ನಿರೀಕ್ಷಿತ. ತಿಂಗಳುಗಟ್ಟಲೆ ಬೆಳಗಿನ ತಿಂಡಿ ಬಿಟ್ಟ ಹೊಟ್ಟೆಗೆ ಒಮ್ಮೆಲೇ ತಟ್ಟೆ ತುಂಬಾ ಕೊಡಬಾರದು. ಮೊದಲ ಮೂರು ದಿನ ಅರ್ಧ ಬಾಳೆಹಣ್ಣು ಮತ್ತು ಕೆಲವು ಗುಟುಕು ಬೆಚ್ಚಗಿನ ನೀರು. ನಾಲ್ಕನೇ ದಿನದಿಂದ ಅದರ ಜೊತೆ ಮನೆಯ ತಿಂಡಿ ನಾಲ್ಕೈದು ಚಮಚ. ಹತ್ತನೇ ದಿನಕ್ಕೆ ಅವಳು ಬೇರೆಯವರು ತಿನ್ನುವುದರ ಮುಕ್ಕಾಲು ಪಾಲು ತಿನ್ನುತ್ತಿದ್ದಳು. ತಿಂದ ಮೊದಲ ಮೂರು ದಿನ ನೋವು ಬಂತು, 7.20ಕ್ಕೆ. ಅವಳು ಸೋತ ಮುಖ ಮಾಡಿಕೊಂಡು ಹಾಳೆ ತೋರಿಸಿದಳು. ನನಗೆ ಖುಷಿಯಾಯಿತು, ಏಕೆಂದರೆ ನೋವು 9.05ರಿಂದ 7.20ಕ್ಕೆ ಸರಿದಿತ್ತು. ನಮಗೆ ಬೇಕಾಗಿದ್ದೂ ಅದೇ.

ಉಳಿದ ಊಟಗಳ ನಡುವೆ ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಬೀಳದಂತೆ ನೋಡಿಕೊಳ್ಳಿ. ಬಹಳ ಹೊತ್ತು ಹಸಿದು ಆಮೇಲೆ ಒಮ್ಮೆಲೇ ತುಂಬಿಸಿದರೆ ಕರುಳು ಅಷ್ಟೇ ಜೋರಾಗಿ ಪ್ರತಿಕ್ರಿಯಿಸುತ್ತದೆ. ರಾತ್ರಿ ಊಟ ಮಲಗುವುದಕ್ಕೆ ಎರಡು ಮೂರು ಗಂಟೆ ಮುಂಚೆ ಆಗಲಿ, ಪುಸ್ತಕ ಮುಚ್ಚಿಟ್ಟು. ಓದುತ್ತಾ ತಿನ್ನುವಾಗ ಸರಿಯಾಗಿ ಅಗಿಯದೆ, ಗಾಳಿ ಸಮೇತ ನುಂಗುತ್ತೇವೆ. ಆ ಗಾಳಿಯೇ ಆಮೇಲೆ ಉಬ್ಬರ. ತಡರಾತ್ರಿ ಓದುವವರಿಗೆ ಹಸಿವಾದರೆ ಸ್ವಲ್ಪ ಹಗುರವಾದದ್ದು ತಿನ್ನಬಹುದು, ಎರಡನೇ ಊಟ ಬೇಡ.

ಕಾಫಿ ವಿಷಯದಲ್ಲಿ ಒಂದು ಎಚ್ಚರ. ಪರೀಕ್ಷೆಗೆ ಇನ್ನು ಮೂರು ದಿನ ಇದೆ ಅನ್ನುವಾಗ ಯಾರೂ ಅದನ್ನು ಏಕಾಏಕಿ ಬಿಡಬಾರದು. ದಿನವೂ ಕುಡಿಯುವವರು ನಿಲ್ಲಿಸಿದರೆ ಮರುದಿನವೇ ತಲೆನೋವು, ಮಂಕು ಶುರುವಾಗಿ ಕೆಲವು ದಿನ ಇರುತ್ತದೆ. ಎರಡು ವಾರ ಮುಂಚೆಯಿಂದ ಲೋಟ ಚಿಕ್ಕದು ಮಾಡುತ್ತಾ ಬನ್ನಿ, ಮತ್ತು ತಿಂಡಿಯ ನಂತರಕ್ಕೆ ಸರಿಸಿ. ಹುಡುಗಿ ದೊಡ್ಡ ಲೋಟದಿಂದ ಅರ್ಧ ಲೋಟಕ್ಕೆ ಬಂದಳು, ಅದೂ 7.15ಕ್ಕೆ ತಿಂಡಿಯ ಹಿಂದೆಯೇ. ಪೂರ್ತಿ ಬಿಡಿಸುವ ಹಟ ನಾನು ಹಿಡಿಯಲಿಲ್ಲ. ಎನರ್ಜಿ ಡ್ರಿಂಕ್ ಮಾತ್ರ ಬೇಡವೇ ಬೇಡ ಅಂದೆ.

ಏನು ತಿನ್ನಬೇಕು ಎಂದು ಉದ್ದನೆಯ ಪಟ್ಟಿ ಕೇಳುವವರಿದ್ದಾರೆ. ನಾನು ಕೊಡುವುದಿಲ್ಲ. ಮಗುವಿಗೆ ವರ್ಷಗಳಿಂದ ರೂಢಿಯಿರುವ, ಕರಿದದ್ದಲ್ಲದ, ಖಾರ ಹೆಚ್ಚಿಲ್ಲದ ಮನೆಯ ಊಟವೇ ಸಾಕು. ಪರೀಕ್ಷೆಯ ವಾರದಲ್ಲಿ ಹೊಸ ಆಹಾರ ಯಾವುದೂ ಬೇಡ, ಅದು ಎಷ್ಟೇ ಆರೋಗ್ಯಕರವಾಗಿರಲಿ. ನಾರಿನಂಶ ಒಳ್ಳೆಯದೆಂದು ಆ ವಾರವೇ ಕಾಳು, ಸೊಪ್ಪು ಹೆಚ್ಚಿಸಿದರೆ ಗಾಳಿ ತುಂಬಿಕೊಂಡು ಇನ್ನೂ ನೋವು. ಹಾಲು ಕುಡಿದ ದಿನವೇ ಹೊಟ್ಟೆ ಗುಡುಗುಟ್ಟುತ್ತದೆ ಎಂದು ಹಾಳೆ ಹೇಳಿದರೆ ಒಂದು ವಾರ ಹಾಲು ನಿಲ್ಲಿಸಿ ನೋಡಿ. ಸಕ್ಕರೆರಹಿತ ಚೂಯಿಂಗ್ ಗಮ್ ಜಗಿಯುವ ಅಭ್ಯಾಸವಿದ್ದರೆ ಅದನ್ನೂ ಬಿಡಿಸಿ. ಅದರಲ್ಲಿ ಸಿಹಿಗೆಂದು ಹಾಕುವ ಸಾರ್ಬಿಟಾಲ್ ಕೆಲವರ ಕರುಳಿಗೆ ಆಗುವುದಿಲ್ಲ, ಜಗಿಯುವಾಗ ಗಾಳಿಯೂ ಒಳಗೆ ಹೋಗುತ್ತದೆ.

ಉಸಿರಾಟ: ನೋವಿಲ್ಲದಾಗ ಕಲಿಯಬೇಕಾದದ್ದು

ಉಸಿರಾಟದ ಅಭ್ಯಾಸ ಕೆಲಸ ಮಾಡಲಿಲ್ಲ ಅನ್ನುವ ಹೆಚ್ಚಿನವರು ಅದನ್ನು ಮೊದಲ ಸಲ ಮಾಡಿದ್ದು ನೋವಿನ ನಡುವೆ, ಪರೀಕ್ಷಾ ಹಾಲ್‌ನ ಬಾಗಿಲಲ್ಲಿ. ಈಜು ಬಾರದವನು ನೀರಿಗೆ ಬಿದ್ದ ಮೇಲೆ ಕೈಕಾಲು ಬಡಿದ ಹಾಗೆ. ದಿನಕ್ಕೆ ಎರಡು ಸಲ, ಐದೈದು ನಿಮಿಷ, ಹೊಟ್ಟೆ ತಣ್ಣಗಿರುವಾಗ ಮಾಡಿ. ಬೆಳಗ್ಗೆ ತಿಂಡಿಗೆ ಮೊದಲು ಒಮ್ಮೆ, ರಾತ್ರಿ ಮಲಗುವಾಗ ಒಮ್ಮೆ. ಹೊಟ್ಟೆ ಬಿರಿಯುವಷ್ಟು ತಿಂದ ಕೂಡಲೇ ಬೇಡ.

1. ಅಂಗಾತ ಮಲಗಿ, ಮೊಣಕಾಲು ಮಡಚಿ, ಪಾದ ನೆಲಕ್ಕೂರಿ. ಹೀಗೆ ಮಲಗಿದರೆ ಹೊಟ್ಟೆಯ ಸ್ನಾಯು ಸಡಿಲವಾಗುತ್ತದೆ. ಬೆಲ್ಟು, ಸೊಂಟದ ದಾರ ಬಿಚ್ಚಿಕೊಳ್ಳಿ.
2. ಒಂದು ಕೈ ಹೊಕ್ಕುಳ ಮೇಲೆ, ಇನ್ನೊಂದು ಎದೆಯ ಮೇಲೆ. ಮೂಗಿನಿಂದ ನಿಧಾನವಾಗಿ, ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಎಳೆದುಕೊಳ್ಳಿ. ಹೊಟ್ಟೆಯ ಮೇಲಿನ ಕೈ ಏಳಬೇಕು, ಎದೆಯ ಮೇಲಿನದು ಹೆಚ್ಚು ಅಲುಗಬಾರದು.
3. ತಡೆಹಿಡಿಯದೆ, ಆರು ಎಣಿಸುವಷ್ಟು ಹೊತ್ತು ಬಿಡಿ. ತುಟಿಯನ್ನು ಬಿಸಿ ಹಾಲು ಆರಿಸುವಂತೆ ಸ್ವಲ್ಪ ಚೂಪು ಮಾಡಿದರೆ ಉಸಿರು ತಾನೇ ನಿಧಾನವಾಗುತ್ತದೆ.
4. ಒಂದು ಸುತ್ತಿಗೆ ಹತ್ತು ಸೆಕೆಂಡು, ನಿಮಿಷಕ್ಕೆ ಆರು. ಐದು ನಿಮಿಷಕ್ಕೆ ಮೂವತ್ತು ಉಸಿರು.

ಬಿಡುವ ಉಸಿರು ಉದ್ದವಾಗಿರಬೇಕು ಎಂಬುದಕ್ಕೆ ಕಾರಣವಿದೆ. ಉಸಿರು ಬಿಡುವಾಗ ವಾಗಸ್ ನರದ ಪ್ರಭಾವ ಹೆಚ್ಚಿ ಎದೆಬಡಿತ ಸ್ವಲ್ಪ ನಿಧಾನವಾಗುತ್ತದೆ. ಮಣಿಕಟ್ಟಿನ ನಾಡಿ ಹಿಡಿದು ನೋಡಿ, ಎಳೆದುಕೊಳ್ಳುವಾಗ ಚುರುಕು, ಬಿಡುವಾಗ ನಿಧಾನ. ಹರೆಯದವರಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ. ಜೊತೆಗೆ ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಎಂಬ ಸ್ನಾಯು ಪೂರ್ತಿ ಮೇಲೆ ಕೆಳಗೆ ಆಡುವುದರಿಂದ ಬಿಗಿಹಿಡಿದ ಹೊಟ್ಟೆ ಸಡಿಲವಾಗುತ್ತದೆ.

ಎಲ್ಲಿ ತಪ್ಪುತ್ತದೆ ಎಂದು ಹುಡುಗಿಯೇ ನನಗೆ ತೋರಿಸಿದಳು. ಮೂರನೇ ದಿನ ಬಂದು, "ಮೇಡಂ, ಇದು ನಂಗೆ ಆಗಲ್ಲ. ತಲೆ ತಿರುಗತ್ತೆ, ಬೆರಳು ಜುಮ್ಮನ್ನತ್ತೆ" ಅಂದಳು. ನನ್ನೆದುರು ಮಾಡಿ ತೋರಿಸು ಅಂದೆ. ನಾಲ್ಕು ಎಣಿಕೆಯಲ್ಲಿ ಎದೆ ತುಂಬುವಷ್ಟು ದೊಡ್ಡ ಉಸಿರು ಎಳೆದು, ಭುಜ ಕಿವಿಯವರೆಗೆ ಏರಿಸಿ, ಬುಸ್ಸೆಂದು ಬಿಡುತ್ತಿದ್ದಳು. "ದೀರ್ಘ ಉಸಿರು" ಎಂಬ ಮಾತನ್ನು ಅವಳು "ದೊಡ್ಡ ಉಸಿರು" ಎಂದು ಕೇಳಿಸಿಕೊಂಡಿದ್ದಳು. ಹಾಗೆ ಮಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಕಡಿಮೆಯಾಗಿ ತಲೆಸುತ್ತು, ಬೆರಳು ತುಟಿ ಜುಮ್ಮೆನ್ನುವುದು ಬರುತ್ತದೆ. ಹೆದರಿದ ಮಗುವಿಗೆ ಅದು ಇನ್ನೂ ಹೆದರಿಕೆ. ಒಂದು ತೆಳುವಾದ ಹಾಳೆಯ ಚೂರನ್ನು ಅವಳ ಅಂಗೈ ಮೇಲಿಟ್ಟು ಮುಖದಿಂದ ಒಂದು ಗೇಣು ದೂರ ಹಿಡಿಸಿದೆ. "ಬಿಡೋ ಉಸಿರಿಗೆ ಈ ಹಾಳೆ ಬೀಳಬಾರದು, ಸ್ವಲ್ಪ ನಡುಗಿದ್ರೆ ಸಾಕು" ಅಂದೆ. ಮೂರು ಸಲ ಹಾಳೆ ಬಿತ್ತು. ನಾಲ್ಕನೇ ಸಲ ನಿಂತಿತು, ಭುಜವೂ ಇಳಿಯಿತು. ಆಮೇಲೆ ತಲೆ ತಿರುಗಲಿಲ್ಲ. ನಾಲ್ಕು-ಆರು ಉದ್ದವೆನಿಸಿದರೆ ಮೂರು-ನಾಲ್ಕರಿಂದ ಶುರು ಮಾಡಿ. ಆಸ್ತಮಾ ಇರುವ ಮಕ್ಕಳು ಎಣಿಕೆಗೆ ಜೋತುಬಿದ್ದು ಉಸಿರನ್ನು ಎಳೆಯಬಾರದು, ಅವರ ವೈದ್ಯರನ್ನು ಕೇಳಿಯೇ ಮುಂದುವರಿಯಲಿ.

ಮಲಗಿ ಕಲಿತದ್ದು ಪರೀಕ್ಷಾ ಹಾಲ್‌ಗೆ ತಾನಾಗಿ ಬರುವುದಿಲ್ಲ, ಅದಕ್ಕೂ ಮೆಟ್ಟಿಲು ಬೇಕು. ಮೊದಲ ವಾರ ಮಲಗಿ. ಎರಡನೇ ವಾರ ಕುರ್ಚಿಯಲ್ಲಿ ಕೂತು, ಕೈ ಹೊಟ್ಟೆಯ ಮೇಲೆ. ಮೂರನೇ ವಾರ ಮೇಜಿನ ಮುಂದೆ, ಕಣ್ಣು ತೆರೆದು, ಒಂದು ಕೈಯಲ್ಲಿ ಪೆನ್ನು ಹಿಡಿದು, ಯಾರಿಗೂ ಗೊತ್ತಾಗದ ಹಾಗೆ. ಕೊನೆಯ ಕೆಲವು ದಿನ ಹಳೆಯ ಪ್ರಶ್ನೆಪತ್ರಿಕೆಯನ್ನು ಕವರಿನಲ್ಲಿಟ್ಟು, ಗಡಿಯಾರ ಹಚ್ಚಿ, ಆರು ಉಸಿರು ಮುಗಿಸಿಯೇ ಕವರು ತೆಗೆಯುವುದು. ಹುಡುಗಿಯ ಎದೆ ಕವರು ಕಂಡಾಗಲೇ ಹೊಡೆದುಕೊಳ್ಳುತ್ತಿತ್ತು. ಆ ಬಡಿತದ ಜೊತೆ ಉಸಿರಾಡಿ ರೂಢಿಯಾಗಲೆಂದೇ ಈ ಅಭ್ಯಾಸ.

ಪರೀಕ್ಷೆಯ ಬೆಳಗ್ಗೆ

ಎರಡು ವಾರ ಮಾಡಿದ್ದನ್ನೇ ಇವತ್ತೂ ಮಾಡಬೇಕು, ಹೊಸದೇನೂ ಇಲ್ಲ. ಹುಡುಗಿ 6.15ಕ್ಕೆ ಎದ್ದಳು, 6.40ಕ್ಕೆ ಉಸಿರು, 7ಕ್ಕೆ ತಿಂಡಿ, 7.15ಕ್ಕೆ ಅರ್ಧ ಲೋಟ ಕಾಫಿ, 7.25ಕ್ಕೆ ಶೌಚ. ಆ ದಿನ ತಿಂಡಿ ಅರ್ಧವೇ ಸೇರಿತು. ಅಮ್ಮ ಒತ್ತಾಯಿಸಲಿಲ್ಲ, ಮೊದಲೇ ಮಾತಾಗಿತ್ತು. 9.15ಕ್ಕೆ ಎರಡು ಮೂರು ತುತ್ತು ಬಾಳೆಹಣ್ಣು, ನೀರು ಗುಟುಕು ಗುಟುಕಾಗಿ. ಬಾಗಿಲ ಬಳಿ ನಿಂತು ತಣ್ಣನೆಯ ನೀರನ್ನು ಗಟಗಟನೆ ಕುಡಿಯುವುದು ಬೇಡ. ಸಮವಸ್ತ್ರದ ಬೆಲ್ಟನ್ನು ಒಂದು ತೂತು ಸಡಿಲ ಮಾಡಿಕೊಂಡಿದ್ದಳು. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಕೂತಾಗ ಬಿಗಿ ಬೆಲ್ಟು ಹೊಟ್ಟೆಯ ಉಸಿರನ್ನೇ ತಡೆಯುತ್ತದೆ.

ಹಾಲ್‌ನಲ್ಲಿ 10.10ಕ್ಕೆ ನೋವು ಬಂತು. ಹಿಂಡುವ ನೋವು ಅಲೆಯ ಹಾಗೆ, ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಏರುವಾಗ ಹೊಟ್ಟೆ ಬಿಗಿಹಿಡಿದು ಉಸಿರು ನಿಲ್ಲಿಸುವುದು ಎಲ್ಲರ ಸಹಜ ಅಭ್ಯಾಸ. ಅದರ ಬದಲು ಪಾದಗಳನ್ನು ನೆಲಕ್ಕೂರಿ, ಸ್ವಲ್ಪ ಮುಂದಕ್ಕೆ ಬಾಗಿ, ಬಿಡುವ ಉಸಿರನ್ನೇ ಎಣಿಸುತ್ತಾ ಹೋಗಬೇಕು. ನೋವು ಹೋಯಿತಾ ಎಂದು ನೋಡಬಾರದು, ಎಣಿಕೆ ಆರಕ್ಕೆ ಮುಟ್ಟಿತಾ ಎಂದಷ್ಟೇ. ಅವಳು ಹನ್ನೆರಡು ಉಸಿರು ಎಣಿಸಿದಳು, ಎರಡು ನಿಮಿಷ. ಆಮೇಲೆ ಮೊದಲೇ ಗೊತ್ತುಮಾಡಿಕೊಂಡಂತೆ ಎಲ್ಲಕ್ಕಿಂತ ಸುಲಭದ ಪ್ರಶ್ನೆಯಿಂದ ಬರೆಯತೊಡಗಿದಳು. ಹಾಳೆಯಲ್ಲಿ ಆ ದಿನದ ನೋವು 4 ಎಂದಿದೆ. ಎದ್ದು ಹೊರಗೆ ಹೋಗಿಲ್ಲ. ಎರಡನೇ ಪತ್ರಿಕೆಯ ದಿನ 3, ನಾಲ್ಕನೆಯ ದಿನ 2. ಮೂರನೆಯದಕ್ಕೆ ಮತ್ತೆ 5 ಇತ್ತು. ಹಿಂದಿನ ರಾತ್ರಿ ಗಾಬರಿಯಲ್ಲಿ 11ಕ್ಕೆ ಉಂಡು 1 ಗಂಟೆಗೆ ಮಲಗಿದ್ದಳು ಎಂದು ಅದೇ ಸಾಲಿನಲ್ಲಿ ಬರೆದಿತ್ತು.

ಮಾತ್ರೆಗಳ ಬಗ್ಗೆ ಇಷ್ಟು. ಕೈಗೆ ಸಿಕ್ಕ ನೋವಿನ ಮಾತ್ರೆಯನ್ನು ಖಾಲಿ ಹೊಟ್ಟೆಗೆ ನುಂಗಬೇಡಿ, ಐಬುಪ್ರೊಫೆನ್‌ನಂಥವು ಜಠರವನ್ನೇ ಕೆರಳಿಸುತ್ತವೆ. ಭೇದಿ ನಿಲ್ಲಿಸುವ ಮಾತ್ರೆಯನ್ನು ಮುಂಜಾಗ್ರತೆಗೆಂದು ನೀವೇ ಕೊಡಬೇಡಿ. ನುಲಿತ ತಡೆಯುವ ಔಷಧಗಳಿವೆ, ಬೇಕಾದರೆ ವೈದ್ಯರು ಬರೆದುಕೊಡುತ್ತಾರೆ. ಅದನ್ನೂ ಪರೀಕ್ಷೆಯ ದಿನವೇ ಮೊದಲ ಸಲ ನುಂಗದೆ ಹಿಂದಿನ ವಾರ ಒಂದು ದಿನ ತೆಗೆದುಕೊಂಡು ನೋಡಿ, ಕೆಲವದರಿಂದ ಬಾಯಿ ಒಣಗಿ ಕಣ್ಣು ಮಂಜಾಗುವುದುಂಟು. ಮನೆಯಲ್ಲಿರುವಾಗ ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ನಿಮಿಷ ಹೊಟ್ಟೆಯ ಮೇಲಿಟ್ಟುಕೊಂಡರೆ ಹಿತವಾಗುತ್ತದೆ.

ಕೊನೆಯ ಪತ್ರಿಕೆ ಮುಗಿದ ದಿನ ಹಾಳೆಯನ್ನು ಎಸೆಯಬೇಡಿ. ಇನ್ನೆರಡು ವಾರ ಬರೆಯಿರಿ, ತಿಂಡಿಯ ಹೊತ್ತನ್ನೂ ಅಷ್ಟು ದಿನ ಉಳಿಸಿಕೊಳ್ಳಿ. ರಜೆಯಲ್ಲೂ ವಾರಕ್ಕೊಮ್ಮೆಯಾದರೂ ನೋವು ಬರುತ್ತಿದ್ದರೆ, ಅಥವಾ ನೋವಿನ ಜಾಗ ಬದಲಾಗಿದ್ದರೆ, ಅದಕ್ಕೆ ಪರೀಕ್ಷೆಯೊಂದೇ ಕಾರಣವಲ್ಲ. ಆ ಹಾಳೆಗಳನ್ನೆಲ್ಲ ಜೊತೆಗಿಟ್ಟುಕೊಂಡು ಮತ್ತೊಮ್ಮೆ ವೈದ್ಯರ ಬಳಿ ಹೋಗಿ. ಯಾವ ಹೊತ್ತಿಗೆ, ಏನು ತಿಂದ ಮೇಲೆ, ಎಷ್ಟು ಸಲ ಎಂದು ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇರುತ್ತದೆ.